ಧೋ, ಧಡಕ್, ಪಚಕ್: ಕನ್ನಡ ಕಾಮಿಕ್ಸ್‌ಗೆ ಮಳೆ, ಬಾಗಿಲು, ಹೆಜ್ಜೆಯ ಸದ್ದಿನ ಪದಗಳನ್ನು ಕೂಡಿಹಾಕುವ ಬಗೆ

ಕನ್ನಡದಲ್ಲಿ ಸದ್ದಿನ ಪದಗಳಿಗೆ ಬರವಿಲ್ಲ. ಶಾಲೆಯ ವ್ಯಾಕರಣ ಪುಸ್ತಕದ ಅನುಕರಣಾವ್ಯಯದ ಪಾಠದಲ್ಲೇ ಪಟಪಟ, ದಬದಬ, ಸುಯ್ಯನೆ, ರೊಯ್ಯನೆ, ಧಗಧಗ ಅಂತ ಒಂದು ಸಾಲು ಸಿಗುತ್ತದೆ. ಆದರೂ ಕಾಮಿಕ್ಸ್ ಬರೆಯಲು ಕೂತವರು ಬಾಗಿಲು ಬಡಿದಲ್ಲಿ ‘ಬ್ಯಾಂಗ್’ ಎಂದೇ ಬರೆದುಬಿಡುತ್ತಾರೆ. ಪಟ್ಟಿಯಲ್ಲಿರುವ ಪದವನ್ನು ಎತ್ತಿ ಚಿತ್ರದ ಮೇಲೆ ಅಂಟಿಸಿದರೆ ಏನೋ ಹೊಂದಿಕೆಯಾಗುವುದಿಲ್ಲ, ಅದೇ ಇದಕ್ಕೆ ಕಾರಣ. ಆ ಪಟ್ಟಿ ವಾಕ್ಯಗಳಿಗಾಗಿ ಮಾಡಿದ್ದು. ಚಿತ್ರದ ಮೇಲೆ ಒಂಟಿಯಾಗಿ ನಿಲ್ಲಬೇಕಾದ ಪದವನ್ನು ಬೇರೆ ರೀತಿಯಲ್ಲೇ ಹುಡುಕಬೇಕು.

ಹುಡುಕುವ ಕೆಲಸಕ್ಕೆ ಮೊದಲು ಒಂದು ದೃಶ್ಯ ಇಟ್ಟುಕೊಳ್ಳಿ. ದೃಶ್ಯವಿಲ್ಲದೆ ‘ಮಳೆಯ ಪದಗಳು’ ಅಂತ ಹೊರಟರೆ ನೂರು ಪದ ಕೂಡುತ್ತವೆ, ಒಂದೂ ಪುಟಕ್ಕೆ ಬರುವುದಿಲ್ಲ. ಇಲ್ಲಿ ಹಿಡಿದಿರುವುದು ಎರಡು ಪುಟದ, ಒಂಬತ್ತು ಚೌಕಟ್ಟಿನ ದೃಶ್ಯ. ಮಲ್ಲೇಶ್ವರದ ಒಂದು ಹಳೇ ಮನೆ. ಹಿಂದುಗಡೆ ಅಡುಗೆಮನೆಗೆ ತಗಡಿನ ಶೀಟು ಹೊದಿಸಿದೆ. ರಾತ್ರಿ ಮಳೆ ಶುರುವಾಗುತ್ತದೆ, ಕರೆಂಟು ಹೋಗುತ್ತದೆ. ಒಳಗೆ ಒಬ್ಬಳೇ ಹುಡುಗಿ. ಯಾರೋ ಮೆಟ್ಟಿಲು ಹತ್ತಿ ಬರುತ್ತಾರೆ, ಬಾಗಿಲು ತಳ್ಳುತ್ತಾರೆ. ಬಂದದ್ದು ಅಜ್ಜ.

ಮೊದಲ ಜರಡಿ: ಇದು ಸದ್ದೋ, ಬಗೆಯೋ?

ಕನ್ನಡದ ಜೋಡಿಪದಗಳಲ್ಲಿ ಅರ್ಧಕ್ಕರ್ಧ ಸದ್ದೇ ಅಲ್ಲ. ಥಳಥಳ ಎನ್ನುವುದು ಕಣ್ಣಿಗೆ ಕಾಣುವ ಹೊಳಪು. ಬಿರಬಿರ ಎನ್ನುವುದು ನಡೆಯುವ ಬಗೆ. ಧಗಧಗದಲ್ಲಿ ಬೆಂಕಿಯ ಉರಿಯೂ ಇದೆ, ಅದರ ಅಬ್ಬರವೂ ಇದೆ. ವಾಕ್ಯದೊಳಗೆ ಇವೆಲ್ಲ ಒಂದೇ ಜಾತಿಯಂತೆ ಕಾಣುತ್ತವೆ. ‘ಬಿರಬಿರನೆ ನಡೆದ’, ‘ದಡದಡನೆ ಓಡಿದ’ ಎರಡೂ ಸರಿಯೇ. ಆದರೆ ಹುಡುಗನ ಕಾಲ ಬಳಿ ದೊಡ್ಡ ಅಕ್ಷರದಲ್ಲಿ ‘ಬಿರಬಿರ’ ಅಂತ ಬರೆದರೆ ಓದುಗನ ಕಿವಿಗೆ ಏನೂ ಕೇಳಿಸುವುದಿಲ್ಲ.

ಇದನ್ನು ಸೋಸಲು ಒಂದು ವಾಕ್ಯ ಸಾಕು: ‘——— ಅಂತ ಸದ್ದಾಯ್ತು.’ ಪದವನ್ನು ಖಾಲಿ ಜಾಗದಲ್ಲಿ ಇಟ್ಟು ಜೋರಾಗಿ ಹೇಳಿ. ‘ದಡದಡ ಅಂತ ಸದ್ದಾಯ್ತು’ ಸರಾಗವಾಗಿ ಬರುತ್ತದೆ. ‘ಥಳಥಳ ಅಂತ ಸದ್ದಾಯ್ತು’ ಬಾಯಿಗೇ ಬರುವುದಿಲ್ಲ. ‘ಬಿರಬಿರ’ವೂ ಅಷ್ಟೆ. ಜರಡಿಯಲ್ಲಿ ನಿಲ್ಲದ ಪದಗಳನ್ನು ಎಸೆಯಬೇಡಿ. ಅವನ್ನು ಚೌಕಟ್ಟಿನ ಮೇಲಿನ ನಿರೂಪಣೆಯ ಸಾಲಿಗೆ ಎತ್ತಿಡಿ.

ಮಳೆಯಲ್ಲಿ ಹೆಚ್ಚು ಜನ ಎಡವುವುದು ‘ಜಿಟಿಜಿಟಿ’ಯಲ್ಲಿ. ಕನ್ನಡಿಗರಿಗೆ ಮಳೆ ಎಂದರೆ ಮೊದಲು ನೆನಪಾಗುವ ಪದ ಅದು. ಆದರೆ ‘ಜಿಟಿಜಿಟಿ ಮಳೆ ಹಿಡ್ಕೊಂಡಿದೆ’ ಎನ್ನುವಾಗ ನಾವು ಸದ್ದನ್ನು ಹೇಳುತ್ತಿಲ್ಲ. ಬಿಡದೆ ಸುರಿಯುವ, ಕೆಸರು ಮಾಡುವ, ಬಟ್ಟೆ ಒಣಗಗೊಡದ ಮಳೆಯ ಸ್ವಭಾವವನ್ನು ಹೇಳುತ್ತಿದ್ದೇವೆ. ಅಂಥ ಮಳೆಗೆ ಸದ್ದು ಇರುವುದೇ ಕಡಿಮೆ. ಆಕಾಶದ ತುಂಬ ‘ಜಿಟಿಜಿಟಿ’ ಎಂದು ಬರೆದರೆ ಓದುಗ ಮಳೆಯನ್ನು ಕೇಳುವುದಿಲ್ಲ, ಮಳೆಯ ಬಗ್ಗೆ ಯಾರೋ ಹೇಳಿದ ಮಾತನ್ನು ಕೇಳುತ್ತಾನೆ. ‘ಮೂರು ದಿನದಿಂದ ಜಿಟಿಜಿಟಿ ಮಳೆ’ ಅಂತ ನಿರೂಪಣೆಯಲ್ಲಿ ಬರೆಯಿರಿ, ಅಲ್ಲಿ ಅದಕ್ಕಿಂತ ಒಳ್ಳೆಯ ಪದವಿಲ್ಲ. ಸೋನೆ, ತುಂತುರು, ಜಡಿಮಳೆ ಇವೂ ಮಳೆಯ ಹೆಸರುಗಳೇ ಹೊರತು ಸದ್ದುಗಳಲ್ಲ.

ಮಳೆ: ಬಿದ್ದದ್ದು ಯಾವುದರ ಮೇಲೆ?

ಗಾಳಿಯಲ್ಲಿ ಇಳಿಯುವ ಹನಿಯ ಸದ್ದು ನಮಗೆ ಕೇಳಿಸುವುದಿಲ್ಲ. ಕೇಳುವುದೆಲ್ಲ ಅದು ತಾಕಿದ ವಸ್ತುವಿನ ಸದ್ದು. ಆದ್ದರಿಂದ ಪದ ಹುಡುಕುವ ಮೊದಲು ನಿಮ್ಮ ಚಿತ್ರದಲ್ಲಿ ಮಳೆ ಏನೇನರ ಮೇಲೆ ಬೀಳುತ್ತಿದೆ ಎಂದು ಎಣಿಸಿ. ನಮ್ಮ ದೃಶ್ಯದಲ್ಲಿ ನಾಲ್ಕು: ತಗಡಿನ ಶೀಟು, ಅಂಗಳದ ಕಲ್ಲುಚಪ್ಪಡಿ, ಅಜ್ಜನ ಕೊಡೆ, ಸೋರುವಲ್ಲಿ ಇಟ್ಟ ಸ್ಟೀಲ್ ಪಾತ್ರೆ.

ಬೆಂಗಳೂರಲ್ಲಿ ಕೇಳಲು ಒಳ್ಳೆಯ ಕಾಲ ಎರಡು. ಏಪ್ರಿಲ್–ಮೇ ತಿಂಗಳ ಸಂಜೆ ಗುಡುಗಿನ ಮಳೆ ದಪ್ಪ ಹನಿಯಿಂದ ಶುರುವಾಗಿ ಕೆಲವೇ ನಿಮಿಷದಲ್ಲಿ ಏರುತ್ತದೆ, ಬೇಗ ನಿಲ್ಲುತ್ತದೆ. ಹೀಗಾಗಿ ಮೊದಲ ಹನಿಯಿಂದ ಕೊನೆಯ ಹನಿಯವರೆಗೆ ಒಂದೇ ಕೂತಲ್ಲಿ ಕೇಳಬಹುದು. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ರಾತ್ರಿಯಿಡೀ ಸುರಿಯುವ ಮಳೆ ಸಿಗುತ್ತದೆ. ಜೂನ್–ಜುಲೈನ ಮೋಡದ ದಿನಗಳಲ್ಲಿ ಬರುವ ಸಣ್ಣ ತುಂತುರಿಗೆ ನೋಟ ಉಂಟು, ಸದ್ದು ಕಡಿಮೆ.

ತಗಡಿನ ಕೆಳಗೆ ಕೂತರೆ ಮೂರು ಹಂತ ಸ್ಪಷ್ಟವಾಗಿ ಬೇರೆಯಾಗುತ್ತವೆ. ಮೊದಲ ಹನಿಗಳು ಒಂದೊಂದೇ: ಟಣ್, ಸ್ವಲ್ಪ ಬಿಟ್ಟು ಮತ್ತೆ ಟಣ್. ಸಿಮೆಂಟ್ ಶೀಟಾದರೆ ಇದೇ ಹನಿ ‘ಟಪ್’ ಎನ್ನುತ್ತದೆ, ಏಕೆಂದರೆ ಅದು ತಗಡಿನಂತೆ ಕಂಪಿಸುವುದಿಲ್ಲ. ಕನ್ನಡದಲ್ಲಿ ‘ಣ್’, ‘ಂ’ ಬಂದಲ್ಲೆಲ್ಲ ಲೋಹದ ಅನುರಣನ ಇರುತ್ತದೆ. ‘ಪ್’, ‘ಕ್’ ಬಂದಲ್ಲಿ ಸದ್ದು ಅಲ್ಲೇ ಮುಗಿಯುತ್ತದೆ. ಎರಡನೇ ಹಂತದಲ್ಲಿ ಹನಿಗಳು ಒತ್ತೊತ್ತಾಗಿ ಪಟಪಟ ಆಗುತ್ತವೆ. ಜೋಡಿಪದ ಕೆಲಸಕ್ಕೆ ಬರುವುದು ಇಲ್ಲಿ ಮಾತ್ರ. ಮೂರನೇ ಹಂತದಲ್ಲಿ ಕಿವಿ ಹನಿಗಳನ್ನು ಬಿಡಿಬಿಡಿಯಾಗಿ ಹಿಡಿಯಲಾರದೆ ಎಲ್ಲ ಒಂದೇ ಮೊರೆತವಾಗುತ್ತದೆ: ಧೋ.

ಜಡಿಮಳೆಯ ಚಿತ್ರದ ಮೇಲೆ ‘ಟಪ ಟಪ ಟಪ ಟಪ’ ಎಂದು ಇಪ್ಪತ್ತು ಸಲ ಬರೆದದ್ದು ಸುಳ್ಳಾಗಿ ಕಾಣುವುದು ಇದಕ್ಕೇ. ಪದವನ್ನು ಎಷ್ಟು ಸಲ ಬರೆದರೂ ಅದು ಬಿಡಿ ಹನಿಯ ಪದವೇ. ಮಳೆ ದೊಡ್ಡದಾಯಿತು ಎಂದು ತೋರಿಸಲು ಪದವನ್ನೇ ಬದಲಿಸಬೇಕು, ವ್ಯಂಜನ ಕಡಿಮೆಯಾಗಿ ಸ್ವರ ತೆರೆದುಕೊಳ್ಳಬೇಕು. ‘ಧೋ’ ಎನ್ನುವಾಗ ಬಾಯಿ ಮುಚ್ಚುವುದೇ ಇಲ್ಲ, ಉಸಿರು ಇರುವವರೆಗೂ ಎಳೆಯಬಹುದು. ಜಡಿಮಳೆಯ ಸದ್ದೂ ಹಾಗೇ.

ಇನ್ನು ಸ್ಟೀಲ್ ಪಾತ್ರೆ. ಇದನ್ನು ಮಳೆಗಾಲಕ್ಕೆ ಕಾಯದೆ ಮನೆಯಲ್ಲೇ ಮಾಡಿ ನೋಡಬಹುದು. ಎರಡು ಲೀಟರಿನ ಪಾತ್ರೆಯನ್ನು ನಲ್ಲಿಯಿಂದ ಒಂದು ಮೊಳ ಕೆಳಗಿಟ್ಟು, ಎರಡು ಸೆಕೆಂಡಿಗೊಂದು ಹನಿ ಬೀಳುವಂತೆ ನಲ್ಲಿ ತಿರುಗಿಸಿ. ಖಾಲಿ ತಳಕ್ಕೆ ಬಿದ್ದಾಗ ಟಣ್. ತಳ ಒದ್ದೆಯಾಗಿ ಅರ್ಧ ಬೆರಳು ನೀರು ನಿಂತಾಗ ಗಣಗಣಿಸುವುದು ನಿಂತು ಟಪ್ ಆಗುತ್ತದೆ. ನಾಲ್ಕು ಬೆರಳು ನೀರಾದ ಮೇಲೆ ಸದ್ದು ದುಂಡಗಾಗುತ್ತದೆ: ತೊಟಕ್, ಕೆಲವೊಮ್ಮೆ ಬುಳಕ್. ಈಗ ಹನಿ ತಳವನ್ನು ತಾಕುತ್ತಲೇ ಇಲ್ಲ. ಅದು ನೀರಿನೊಳಗೆ ಎಳೆದುಕೊಂಡ ಸಣ್ಣ ಗಾಳಿಗುಳ್ಳೆ ಕಂಪಿಸಿ ಆ ಸದ್ದು ಹುಟ್ಟುತ್ತದೆ. ಬಾಯಿಯೂ ‘ಬು’, ‘ತೊ’ ಎನ್ನುವಾಗ ತುಟಿ ದುಂಡಗೆ ಮಾಡುತ್ತದೆ, ಗಮನಿಸಿ. ಕಾಮಿಕ್ಸ್‌ಗೆ ಇದು ದೊಡ್ಡ ಲಾಭ. ಅದೇ ಪಾತ್ರೆಯ ಬಳಿ ಒಂದು ಚೌಕಟ್ಟಿನಲ್ಲಿ ‘ಟಣ್’, ಮುಂದಿನ ಪುಟದಲ್ಲಿ ‘ತೊಟಕ್’ ಎಂದು ಬರೆದರೆ ಗಡಿಯಾರ ತೋರಿಸದೆ ಹೊತ್ತು ಕಳೆದದ್ದು ತಿಳಿಯುತ್ತದೆ.

ಜನರ ಬಾಯಿಂದ ತೆಗೆಯುವುದು

ನಿಮ್ಮ ಕಿವಿಯೊಂದೇ ಸಾಲದು. ಕೇಳಿದ ಸದ್ದನ್ನು ಫೋನಿನಲ್ಲಿ ಹಿಡಿದು ಬೇರೆಯವರಿಗೆ ಕೇಳಿಸಿ. ಒಂದೊಂದು ಸದ್ದಿಗೂ ಇಪ್ಪತ್ತು ಸೆಕೆಂಡ್ ಸಾಕು. ಶುರುವಿನಲ್ಲೇ ನಿಮ್ಮ ದನಿಯಲ್ಲಿ ‘ತಗಡಿನ ಶೀಟು, ಕೆಳಗಿನಿಂದ, ಎರಡು ಮೀಟರ್ ದೂರ’ ಎಂದು ಹೇಳಿಬಿಡಿ. ಇಲ್ಲವಾದರೆ ವಾರದ ನಂತರ ಮಳೆಯ ಕಡತ ಯಾವುದು, ಎಣ್ಣೆಯಲ್ಲಿ ಬೋಂಡ ಬೇಯುವುದು ಯಾವುದು ಎಂದು ನಿಮಗೇ ಗೊತ್ತಾಗುವುದಿಲ್ಲ. ಜನರಿಗೆ ಕೇಳಿಸುವಾಗ ಆ ಭಾಗ ಬಿಟ್ಟು ಹಾಕಿ.

ಫೋನಿನ ಒಂದು ಗುಣ ಮಾತ್ರ ನೆನಪಿರಲಿ. ಬಹುಪಾಲು ಫೋನುಗಳು ಮೆಲು ಸದ್ದನ್ನು ತಾವೇ ಎತ್ತುತ್ತವೆ, ಜೋರು ಸದ್ದನ್ನು ತಾವೇ ತಗ್ಗಿಸುತ್ತವೆ. ಬರಿಗಾಲಿನ ಹೆಜ್ಜೆಯೂ ಬಾಗಿಲ ಬಡಿತವೂ ಒಂದೇ ಗಾತ್ರದಲ್ಲಿ ಕೇಳಿಸುತ್ತವೆ. ಆದ್ದರಿಂದ ಸದ್ದು ಎಷ್ಟು ಜೋರಿತ್ತು ಎಂಬುದನ್ನು ಅಲ್ಲೇ, ಆಗಲೇ ಬರೆದುಕೊಳ್ಳಿ. ‘ಪಕ್ಕದ ಕೋಣೆಗೆ ಕೇಳುತ್ತಿತ್ತು’, ‘ಮಾತಾಡಿದರೆ ಮುಚ್ಚಿಹೋಗುತ್ತಿತ್ತು’ ಎಂಬಷ್ಟು ಸಾಕು. ಅಕ್ಷರದ ಗಾತ್ರ ತೀರ್ಮಾನವಾಗುವುದು ಈ ಟಿಪ್ಪಣಿಯಿಂದ.

‘ಈ ಸದ್ದಿಗೆ ಕನ್ನಡದಲ್ಲಿ ಏನಂತಾರೆ?’ ಎಂದು ಕೇಳಬೇಡಿ. ಹಾಗೆ ಕೇಳಿದ ಕೂಡಲೇ ಎದುರಿನವರು ಪರೀಕ್ಷೆಗೆ ಕೂತವರಂತೆ ಪುಸ್ತಕದ ಪದ ಹುಡುಕುತ್ತಾರೆ. ‘ಇದು ಜಿಟಿಜಿಟಿ ತಾನೆ?’ ಎಂದಂತೂ ಕೇಳಲೇಬಾರದು, ಹೌದು ಅಂದುಬಿಡುತ್ತಾರೆ. ಕೆಲಸ ಮಾಡುವ ಪ್ರಶ್ನೆ ಇದು: ‘ಅಜ್ಜಿ, ಮಗೂಗೆ ಕಥೆ ಹೇಳ್ತಾ ಇದ್ದೀರಿ. ಕಥೇಲಿ ಈ ಸದ್ದು ಬರುತ್ತೆ. ಹೇಗೆ ಹೇಳ್ತೀರಿ?’ ಆಗ ಪದ ಕೈಯಾಡಿಸುತ್ತಾ, ಕಣ್ಣರಳಿಸುತ್ತಾ ತಾನಾಗಿ ಬರುತ್ತದೆ. ಅವರು ಹೇಳುವುದನ್ನೂ ಫೋನಿನಲ್ಲಿ ಹಿಡಿಯಿರಿ, ಅವರ ಒಪ್ಪಿಗೆ ಕೇಳಿ. ಯಾವ ಅಕ್ಷರ ಎಷ್ಟು ಎಳೆದರು, ಎಲ್ಲಿ ಕತ್ತರಿಸಿದರು ಎಂಬುದು ಬರವಣಿಗೆಯಲ್ಲಿ ತಪ್ಪಿಹೋಗುತ್ತದೆ.

ಒಂದು ಸದ್ದಿಗೆ ಎಂಟು ಜನ ಸಾಕು, ಆದರೆ ಎಂಟೂ ಒಂದೇ ಮನೆಯವರಾಗಬಾರದು. ಬೆಂಗಳೂರಿನ ಒಂದೇ ಬೀದಿಯಲ್ಲಿ ಮಂಡ್ಯದವರು, ಕೋಲಾರದವರು, ಧಾರವಾಡದವರು, ಉಡುಪಿಯವರು ಸಿಗುತ್ತಾರೆ. ಹೇಳಿದವರ ಊರನ್ನು ಬರೆದುಕೊಳ್ಳಿ, ಹೆಸರು ಬೇಡ. ಐದಾರು ವರ್ಷದ ಒಬ್ಬಿಬ್ಬರು ಮಕ್ಕಳು, ಅರವತ್ತು ದಾಟಿದ ಇಬ್ಬರು ಇರಲಿ.

ಪ್ರತಿ ಪದಕ್ಕೂ ಒಂದು ಚೀಟಿ ಮಾಡಿ. ತುಂಬಿದ ಚೀಟಿ ಹೀಗಿರುತ್ತದೆ:

ಪದ: ಪಚಕ್
ಏನು, ಏನಕ್ಕೆ: ಒದ್ದೆ ಹವಾಯಿ ಚಪ್ಪಲಿ, ಕೆಸರು
ಒಮ್ಮೆಯೋ, ಬಿಡದೆಯೋ: ಒಂದೊಂದು ಹೆಜ್ಜೆಗೆ ಒಂದು
ಎಷ್ಟು ಜೋರು: ಹತ್ತು ಹೆಜ್ಜೆ ದೂರದವರೆಗೆ
ಯಾರಿಂದ: ಅರವತ್ತರ ಹೆಂಗಸು, ಮಂಡ್ಯ ಕಡೆ
ಅವರ ವಾಕ್ಯ: ಪಚಕ್ ಪಚಕ್ ಅಂತ ತುಳ್ಕೊಂಡು ಬಂದ

ಇಷ್ಟಾದ ಮೇಲೆ ನಿಘಂಟು ತೆರೆಯಿರಿ, ಅದಕ್ಕೂ ಮೊದಲಲ್ಲ. 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು, ಜಾಲದಲ್ಲಿರುವ alar.ink ಈ ಮೂರೂ ಉಪಯೋಗಕ್ಕೆ ಬರುತ್ತವೆ. ಅವುಗಳಲ್ಲಿ ನೋಡಬೇಕಾದದ್ದು ನಿಮ್ಮ ಪದ ಇದೆಯೋ ಇಲ್ಲವೋ ಎಂಬುದನ್ನಲ್ಲ, ಅದಕ್ಕೆ ಬೇರೆ ಅರ್ಥ ಇದೆಯೋ ಎಂಬುದನ್ನು. ನಡುಗುವುದಕ್ಕೂ ‘ಗಡಗಡ’ ಎನ್ನುತ್ತೇವೆ, ಗಾಡಿ ಉರುಳುವುದಕ್ಕೂ ಎನ್ನುತ್ತೇವೆ. ಚಳಿಯ ರಾತ್ರಿಯ ಚಿತ್ರದಲ್ಲಿ ಅದನ್ನು ಬಾಗಿಲ ಪಕ್ಕ ಬರೆದರೆ ಹುಡುಗಿ ನಡುಗುತ್ತಿದ್ದಾಳೆ ಎಂದೇ ಓದಿಕೊಳ್ಳುತ್ತಾರೆ. ಹುಡುಕುವಾಗ ‘ಧಪ್’ ಎಂಬಂಥ ತುಂಡು ರೂಪ ಸಿಗದಿದ್ದರೆ ‘ನೆ’ ಸೇರಿದ ರೂಪವನ್ನೂ ಜೋಡಿ ರೂಪವನ್ನೂ ನೋಡಿ.

ಬಾಗಿಲು: ಒಂದು ಸದ್ದಲ್ಲ, ಸಾಲು

ಬಾಗಿಲಿಗೆ ಒಂದೇ ಪದ ಹುಡುಕುವುದು ತಪ್ಪು. ಬಾಗಿಲು ತೆರೆದು ಮುಚ್ಚುವಷ್ಟರಲ್ಲಿ ನಾಲ್ಕೈದು ಸದ್ದು ಆಗುತ್ತವೆ, ನಿಮ್ಮ ಚೌಕಟ್ಟು ಅದರಲ್ಲಿ ಯಾವ ಗಳಿಗೆಯನ್ನು ತೋರಿಸುತ್ತಿದೆ ಎಂಬುದು ಮುಖ್ಯ. ಹಳೇ ಮನೆಯ ಬಾಗಿಲಿನ ಮುಂದೆ ನಿಂತು ನಿಧಾನವಾಗಿ ಒಂದೊಂದನ್ನೇ ಮಾಡಿ ನೋಡಿ.

ಚಿಲಕ ತೆಗೆದಾಗ ಲೋಹಕ್ಕೆ ಲೋಹ ತಾಕಿ ಚಟಕ್ ಅಥವಾ ಟಣಕ್. ಸರಪಳಿ ಚಿಲಕವಾದರೆ ಅದು ಬಿಟ್ಟ ಮೇಲೂ ತೂಗಾಡಿ ಬಾಗಿಲಿಗೆ ಬಡಿದು ಇನ್ನೆರಡು ಸಲ ಟಣ್ ಟಣ್ ಎನ್ನುತ್ತದೆ. ಆಮೇಲೆ ಕೀಲು. ಒಣಗಿದ ಕೀಲು ಜಾರದೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ತಿರುಗುವುದರಿಂದ ಕಿರುಗುಟ್ಟುತ್ತದೆ. ತುಂಬ ಮೆಲ್ಲಗೆ ತಳ್ಳಿದರೆ ಆ ಹಿಡಿತಗಳು ಬಿಡಿಬಿಡಿಯಾಗಿ ಕೇಳುತ್ತವೆ: ಕಟ್… ಕಟ್… ಕಿರ್. ಹದವಾಗಿ ತಳ್ಳಿದರೆ ಕೂಡಿಕೊಂಡು ಕಿರ್‌ರ್‌ರ್. ಜೋರಾಗಿ ತಳ್ಳಿದರೆ ದನಿ ಏರಿ ಕೀಂಯ್. ಹೆದರಿಕೆಯ ದೃಶ್ಯದಲ್ಲಿ ಮೊದಲನೆಯದೇ ಬೇಕು. ಬಹಳಷ್ಟು ಜನ ಎಲ್ಲಕ್ಕೂ ಕಿರ್‌ರ್‌ರ್ ಹಾಕುತ್ತಾರೆ, ಹಾಗಾಗಿ ಕಳ್ಳನೂ ಹಾಲಿನವನೂ ಒಂದೇ ರೀತಿ ಬಾಗಿಲು ತೆರೆದಂತಾಗುತ್ತದೆ.

ನಮ್ಮ ದೃಶ್ಯಕ್ಕೆ ಇನ್ನೊಂದು ವಿಷಯ ಸೇರುತ್ತದೆ. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಅಂಥ ಬಾಗಿಲು ಸರಾಗವಾಗಿ ಕಿರುಗುಟ್ಟುತ್ತಾ ತೆರೆಯುವುದಿಲ್ಲ. ಭುಜ ಕೊಟ್ಟು ತಳ್ಳಿದಾಗ ಮೊದಲು ಮರಕ್ಕೆ ಮರ ಉಜ್ಜಿ ಕರಕ್ ಎನ್ನುತ್ತದೆ, ಬಿಟ್ಟುಕೊಂಡ ಕೂಡಲೇ ಧಡಕ್. ‘ಧಡಾರ್’ ಬೇರೆ. ಸಿಟ್ಟಿನಿಂದ ಬಾಗಿಲು ಬಡಿದದ್ದು, ಗಾಳಿಗೆ ಬಡಿದುಕೊಂಡದ್ದು ಅದು. ‘ಅಕ್’ ಕೊನೆಗೆ ಬಂದರೆ ಚಲನೆ ತಟ್ಟನೆ ನಿಂತಿತು ಅಥವಾ ಬಿಡುಗಡೆಯಾಯಿತು ಎಂದರ್ಥ, ‘ಆರ್’ ಬಂದರೆ ಬಡಿತ ಮುಗಿದ ಮೇಲೂ ಮನೆಯೆಲ್ಲ ಮೊಳಗಿತು ಎಂದರ್ಥ. ಅಜ್ಜ ಧಡಾರ್ ಎಂದು ಬಾಗಿಲು ತೆರೆದರೆ ಅವನು ಸಿಟ್ಟಾಗಿ ಬಂದಂತೆ ಕಾಣುತ್ತದೆ. ಪದದಿಂದಲೇ ಪಾತ್ರದ ಸ್ವಭಾವ ಬದಲಾಗಿಬಿಡುತ್ತದೆ.

ಮರದ ಬಾಗಿಲಿನಾಚೆ ಬೆಂಗಳೂರಿನ ಬೀದಿಗೆ ಬೇಕಾಗುವುದು ಅಂಗಡಿಯ ರೋಲಿಂಗ್ ಶಟರು ಮತ್ತು ಕಬ್ಬಿಣದ ಗೇಟು. ಚಿಕ್ಕಪೇಟೆಯಲ್ಲಿ ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋದರೆ ಅರ್ಧ ಗಂಟೆಯಲ್ಲಿ ಬೇಕಾದಷ್ಟು ಶಟರು ಕೇಳಬಹುದು: ಎತ್ತುವಾಗ ಘರ್‌ರ್‌ರ್, ಮೇಲೆ ತಾಕಿದಾಗ ಢಣ್. ಇಳಿಸುವಾಗ ಅದೇ ಸದ್ದು ವೇಗವಾಗಿ ಬಂದು ನೆಲಕ್ಕೆ ಧಡ್ ಎಂದು ಕೂರುತ್ತದೆ. ‘ಕ್ಲಿಕ್’ ಪದದ ಬಗ್ಗೆ ಮಡಿ ಬೇಡ. ಬೀಗದ ಕೈಗೆ, ಸ್ವಿಚ್ಚಿಗೆ ಕನ್ನಡಿಗರ ಬಾಯಲ್ಲಿ ಅದು ಸಹಜವಾಗಿ ಬರುತ್ತದೆ. ಕಥೆ ಹೇಳುವ ಅಜ್ಜಿಯ ಬಾಯಿಂದ ಬಂದರೆ ಇರಲಿ, ಬೇರೆ ಭಾಷೆಯ ಕಾಮಿಕ್ಸ್ ನೋಡಿ ಬಂದರೆ ಬೇಡ.

ಹೆಜ್ಜೆ: ಕಾಲಿಗೆ ಏನಿದೆ, ಕೆಳಗೆ ಏನಿದೆ

ಹೆಜ್ಜೆಯ ಚೀಟಿಯಲ್ಲಿ ಎರಡು ಸಂಗತಿ ಬಿಡಬಾರದು: ಕಾಲಲ್ಲಿ ಏನಿತ್ತು, ನೆಲ ಯಾವುದು. ರೆಡ್ ಆಕ್ಸೈಡ್ ನೆಲದ ಮೇಲೆ ಬರಿಗಾಲು ತಪ್ ತಪ್. ಕಲ್ಲಿನ ಮೇಲೆ ಬೂಟು ಟಕ್ ಟಕ್. ಮರದ ಮೆಟ್ಟಿಲು ಕೆಳಗೆ ಟೊಳ್ಳಾದ್ದರಿಂದ ದಡ್ ದಡ್. ಕಬ್ಬನ್ ಪಾರ್ಕಿನ ತರಗೆಲೆಯ ಮೇಲೆ ಯಾರು ನಡೆದರೂ ಮೊದಲು ಕೇಳುವುದು ಎಲೆಯ ಚರಪರವೇ.

ಹವಾಯಿ ಚಪ್ಪಲಿಯನ್ನು ಗಮನವಿಟ್ಟು ಕೇಳಬೇಕು, ಏಕೆಂದರೆ ಅದರಲ್ಲಿ ಒಂದು ಹೆಜ್ಜೆಗೆ ಎರಡು ಸದ್ದು. ಅಟ್ಟೆ ನೆಲಕ್ಕೆ ಬೀಳುವುದು ಒಂದು, ಕಾಲೆತ್ತಿದಾಗ ಅಟ್ಟೆ ಹಿಮ್ಮಡಿಗೆ ಬಡಿಯುವುದು ಇನ್ನೊಂದು. ಎರಡನೆಯದೇ ಚುರುಕು. ‘ಟಪ್–ಚಟ್, ಟಪ್–ಚಟ್’ ಎಂದು ಬರೆದರೆ ಕಾಲು ತೋರಿಸದೆಯೂ ಹವಾಯಿ ಚಪ್ಪಲಿ ಎಂದು ತಿಳಿಯುತ್ತದೆ. ಒದ್ದೆಯಾದಾಗ ಎರಡನೇ ಸದ್ದು ಬದಲಾಗುತ್ತದೆ. ಹಿಮ್ಮಡಿಗೂ ಅಟ್ಟೆಗೂ ನಡುವೆ ನೀರು ಹಿಂಡಿ ಪಚಕ್ ಎನ್ನುತ್ತದೆ.

ಎಷ್ಟು ಸಲ ಬರೆಯಬೇಕು? ಸಾಮಾನ್ಯ ನಡಿಗೆಯಲ್ಲಿ ಸೆಕೆಂಡಿಗೆ ಎರಡು ಹೆಜ್ಜೆಗೂ ಸ್ವಲ್ಪ ಕಡಿಮೆ. ಒಂದು ಚೌಕಟ್ಟು ಹಿಡಿಯುವುದು ಒಂದೆರಡು ಸೆಕೆಂಡನ್ನು. ಹಾಗಾಗಿ ಎರಡು ಅಥವಾ ಮೂರು ಹೆಜ್ಜೆ ಬರೆದರೆ ಸರಿಹೋಗುತ್ತದೆ. ಎಂಟು ಸಲ ‘ಟಕ್’ ಬರೆದರೆ ನಡೆಯುವವನು ಓಡುವವನಾಗುತ್ತಾನೆ. ಓಟವೇ ಬೇಕಾದರೆ ‘ದಡ್ ದಡ್’ ಬಿಟ್ಟು ನಡುವೆ ಜಾಗವಿಲ್ಲದ ‘ದಡದಡ’ ತೆಗೆದುಕೊಳ್ಳಿ. ಕನ್ನಡದಲ್ಲಿ ಅರ್ಧಾಕ್ಷರಕ್ಕೆ ನಿಂತ ಪದ ಒಂದೊಂದೇ ಏಟು, ಪೂರ್ಣಾಕ್ಷರದ ಜೋಡಿ ಬಿಡದ ಓಟ.

ಪ್ರತಿ ಪಾತ್ರಕ್ಕೂ ಒಂದು ಹೆಜ್ಜೆ ಸದ್ದನ್ನು ಮೀಸಲಿಟ್ಟು ಪುಸ್ತಕದ ಕೊನೆಯವರೆಗೂ ಅದನ್ನೇ ಬಳಸಿ. ನಮ್ಮ ಅಜ್ಜನಿಗೆ ಊರುಗೋಲು ಇದೆ: ಟಕ್, ಆಮೇಲೆ ಪಚಕ್ ಪಚಕ್. ಹುಡುಗಿ ಬರಿಗಾಲು: ತಪ್ ತಪ್. ಒಂದೇ ಪಟ್ಟಿಯಲ್ಲಿ ಇದನ್ನು ಬರೆದು ಚಿತ್ರ ಬಿಡಿಸುವವರ ಕೈಗೂ ಕೊಡಿ.

ಬರೆಯುವಾಗ ಕೆಡುವುದು

ಬಾಯಲ್ಲಿ ಸರಿಯಾಗಿದ್ದ ಪದ ಪುಟದಲ್ಲಿ ಕೆಡುವುದು ಎರಡು ಕಡೆ. ಒಂದು, ಮಹಾಪ್ರಾಣ. ಮಾತಿನಲ್ಲಿ ಎಷ್ಟೋ ಜನ ‘ದಡಾರ್’ ಎಂದೇ ಹೇಳುತ್ತಾರೆ, ಬರೆಯುವಾಗ ತೂಕಕ್ಕೆಂದು ‘ಧಡಾರ್’ ಮಾಡುತ್ತೇವೆ. ಯಾವುದಾದರೂ ಇರಲಿ, ಒಂದು ನಿಯಮ ಇರಲಿ: ಭಾರವಾದದ್ದಕ್ಕೆ ಧ, ಢ, ಘ, ಹಗುರಕ್ಕೆ ದ, ಡ, ಗ. ಇಲ್ಲಿ ಒಂದು ಅಪಾಯವಿದೆ. ದ ಮತ್ತು ಧ, ಡ ಮತ್ತು ಢ ಇವುಗಳ ನಡುವೆ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಕಾಮಿಕ್ಸ್‌ನ ದಪ್ಪ ಅಕ್ಷರಕ್ಕೆ ಹೊರರೇಖೆ ಎಳೆದಾಗ ಆ ಸೀಳು ಮುಚ್ಚಿಹೋಗುತ್ತದೆ. ಅಚ್ಚಿನ ಗಾತ್ರದಲ್ಲೇ ಒಂದು ಪ್ರತಿ ತೆಗೆದು ಒಂದು ಮೊಳ ದೂರದಿಂದ ನೋಡಿ. ಸೀಳು ಕಾಣದಿದ್ದರೆ ಹೊರರೇಖೆ ತೆಳುವಾಗಿಸಿ, ಅಥವಾ ಆ ಅಕ್ಷರವನ್ನು ಕೈಯಲ್ಲೇ ಬಿಡಿಸಿ.

ಎರಡನೆಯದು ಎಳೆದ ‘ರ್’. ಕಂಪ್ಯೂಟರಿನಲ್ಲಿ ರ, ಅರ್ಧಚಿಹ್ನೆ, ರ, ಅರ್ಧಚಿಹ್ನೆ ಎಂದು ಸಾಲಾಗಿ ಒತ್ತಿದರೆ ಅವು ಒಂದಕ್ಕೊಂದು ಸೇರಿ ಅರ್ಕಾವತ್ತಾಗಿ ಗಂಟುಬೀಳುತ್ತವೆ, ಓದಲಾಗುವುದಿಲ್ಲ. ಪ್ರತಿ ‘ರ್’ ಆದ ಮೇಲೆ ಅಗೋಚರ ಬಿಡಿಸುವ ಚಿಹ್ನೆ, ಅಂದರೆ `U+200C`, ಹಾಕಬೇಕು. ಆಗ ಕಿರ್‌ರ್‌ರ್ ಎಂದು ಬಿಡಿಬಿಡಿಯಾಗಿ ನಿಲ್ಲುತ್ತದೆ. ಒಮ್ಮೆ ಸರಿಯಾಗಿ ಟೈಪಿಸಿ ಇಟ್ಟುಕೊಂಡು ಪ್ರತಿ ಸಲ ಅದನ್ನೇ ನಕಲು ಮಾಡಿ. ಯೂನಿಕೋಡಿನಿಂದ ಹಳೆಯ ನುಡಿ ಅಕ್ಷರಕ್ಕೆ ಪರಿವರ್ತಿಸಿದ ಮೇಲೆ ಇಂಥ ಪದಗಳನ್ನೆಲ್ಲ ಮತ್ತೆ ಕಣ್ಣಾರೆ ನೋಡಲೇಬೇಕು. ಇನ್‌ಡಿಸೈನ್ ಬಳಸುವವರು `Adobe World-Ready Paragraph Composer` ಆಯ್ದುಕೊಳ್ಳದಿದ್ದರೆ ಒತ್ತಕ್ಷರಗಳು ಕಳಚಿ ಬೀಳಬಹುದು.

ಪುಟಕ್ಕೆ ಇಳಿಸಿ ಪರೀಕ್ಷಿಸುವುದು

ಪೆನ್ಸಿಲ್ ಚಿತ್ರ ಸಿದ್ಧವಾದಾಗ ಪದಗಳನ್ನು ಚೀಟಿಯಲ್ಲಿ ಬರೆದು ಚಿತ್ರದ ಮೇಲೆ ಇಟ್ಟು, ಇದುವರೆಗೂ ಕೇಳದ ಆರು ಜನರಿಗೆ ತೋರಿಸಿ. ಕೇಳುವುದು ಒಂದೇ: ‘ಇಲ್ಲಿ ಏನು ಸದ್ದಾಗ್ತಿದೆ?’ ಐದು ಜನ ಸರಿಯಾಗಿ ಹೇಳಿದರೆ ಪದ ನಿಂತಿತು. ಇಬ್ಬರು ತಪ್ಪಿದರೆ ಅವರು ಏನೆಂದು ತಿಳಿದರು ಎಂಬುದನ್ನು ಬರೆದುಕೊಳ್ಳಿ. ‘ಪಟಪಟ’ ಹೆಚ್ಚು ತಪ್ಪುವ ಪದ. ಅದು ಮಳೆಗೂ ಆಗುತ್ತದೆ, ಹಕ್ಕಿಯ ರೆಕ್ಕೆಗೂ, ಬಾವುಟಕ್ಕೂ, ಬಿಡದೆ ಮಾತಾಡುವ ಬಾಯಿಗೂ. ಅದನ್ನು ಶೀಟಿನ ಅಂಚಿಗೆ ಅಂಟಿದಂತೆ, ಶೀಟಿನ ಇಳಿಜಾರಿಗೇ ಓರೆಯಾಗಿ ಬರೆದರೆ ಅನುಮಾನ ಹೋಗುತ್ತದೆ. ಹುಡುಗಿಯ ತಲೆಯ ಬಳಿ ಬರೆದರೆ ಅವಳೇ ಮಾತಾಡುತ್ತಿದ್ದಾಳೆ ಎನ್ನಿಸುತ್ತದೆ.

ನಮ್ಮ ಒಂಬತ್ತು ಚೌಕಟ್ಟು ಕೊನೆಗೆ ಹೀಗೆ ಬರುತ್ತವೆ. ಒಂದು: ಶೀಟಿನ ಮೇಲೆ ಒಂಟಿ ‘ಟಣ್’, ಸಣ್ಣ ಅಕ್ಷರ. ಎರಡು: ಶೀಟಿನುದ್ದಕ್ಕೂ ‘ಪಟಪಟ’. ಮೂರು: ಕರೆಂಟು ಹೋದ ಕಪ್ಪು ಚೌಕಟ್ಟು, ಅಂಚಿನಿಂದ ಅಂಚಿಗೆ ಬಿಳಿಯ ‘ಧೋ’. ನಾಲ್ಕು: ಹುಡುಗಿ ಮೇಣದಬತ್ತಿ ಹಿಡಿದು ಪಾತ್ರೆ ಇಡುತ್ತಾಳೆ, ‘ತಪ್ ತಪ್’, ಪಾತ್ರೆಯೊಳಗೆ ‘ಟಣ್’. ಐದರಲ್ಲಿ ‘ಧೋ’ ಹಿನ್ನೆಲೆಗೆ ಸರಿದು ಬೂದು ಬಣ್ಣವಾಗುತ್ತದೆ, ಮೆಟ್ಟಿಲಿನಿಂದ ‘ಟಕ್… ಪಚಕ್ ಪಚಕ್’. ಆರರಲ್ಲಿ ಅವಳ ಮುಖ ಮಾತ್ರ, ಸದ್ದೇ ಬೇಡ. ಏಳರಲ್ಲಿ ಬಾಗಿಲಿನ ಅಂಚಿಗೆ ‘ಕರಕ್’. ಎಂಟರಲ್ಲಿ ‘ಧಡಕ್’, ಮುರಿದ ಕೊಡೆ ಹಿಡಿದ ಅಜ್ಜ. ಒಂಬತ್ತರಲ್ಲಿ ಇಬ್ಬರೂ ಒಲೆಯ ಮುಂದೆ ಕೂತಿದ್ದಾರೆ, ಮಳೆ ನಿಂತಿದೆ, ಮೂಲೆಯ ಪಾತ್ರೆ ಮುಕ್ಕಾಲು ತುಂಬಿದೆ. ಅದರ ಮೇಲೆ, ಮೊದಲ ‘ಟಣ್’ ಇದ್ದಷ್ಟೇ ಸಣ್ಣ ಅಕ್ಷರದಲ್ಲಿ: ಬುಳಕ್.